ನೂರಾನಾಲ್ಕನೇ ಮೈಲಿಗೆ ನೀರು ಮುಟ್ಟಬೇಕಾದರೆ

ಏಪ್ರಿಲ್ ತಿಂಗಳ ಒಂದು ರಾತ್ರಿ ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ನಿಂತಿದ್ದೆ. ಹತ್ತು ಗಂಟೆ ದಾಟಿದ್ದರೂ ಕಾಲಡಿಯ ಮಣ್ಣು ಇನ್ನೂ ಬೆಚ್ಚಗಿತ್ತು. ಗ್ಯಾಂಗ್‌ಮನ್ ಒಬ್ಬರು ಮೆಟ್ಟಿಲಿಳಿದು ಹೋಗಿ, ಕಲ್ಲಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಡಿ-ಇಂಚಿನ ಗೆರೆಗಳ ಮೇಲೆ ಬ್ಯಾಟರಿ ಬಿಟ್ಟರು. ಬಾಗಿ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ಫೋನ್ ತೆಗೆದು, "ಸಾಹೇಬ್ರ, ಸಂಜಿಗೆ ನಾಕ್ ಫೂಟ್ ಇತ್ರಿ. ಈಗ ಮೂರೂವರಿಗೆ ಇಳದೈತ್ರಿ" ಎಂದರು.

ಅರ್ಧ ಅಡಿ. ದೂರದಲ್ಲಿ ಕುಳಿತವರಿಗೆ ಇದೊಂದು ಸಣ್ಣ ಸಂಗತಿ. ಆದರೆ ಆ ಅರ್ಧ ಅಡಿ ಇಳಿಯಿತೆಂದರೆ ಮೇಲೆ ಎಲ್ಲೋ ಹತ್ತಾರು ಪಂಪ್‌ಸೆಟ್‌ಗಳು ಕಾಲುವೆಗೆ ಬಾಯಿ ಹಾಕಿವೆ, ಇಲ್ಲವೇ ಯಾವುದೋ ಉಪಕಾಲುವೆಯ ಗೇಟನ್ನು ಯಾರೋ ಎತ್ತಿದ್ದಾರೆ ಎಂದು ಅರ್ಥ. ಬೆಳಗಾಗುವುದರೊಳಗೆ ಅದನ್ನು ನಿಲ್ಲಿಸಬೇಕಾದರೆ ನೀರಾವರಿ ಎಂಜಿನಿಯರು, ಜೆಸ್ಕಾಂ ಲೈನ್‌ಮನ್, ಪೊಲೀಸ್ ಪೇದೆ, ಕಂದಾಯ ನಿರೀಕ್ಷಕ ಈ ನಾಲ್ವರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತಿರಬೇಕು. ನಾಲ್ವರ ಮೇಲಧಿಕಾರಿಗಳೂ ಬೇರೆ ಬೇರೆ. ಇವರೆಲ್ಲರನ್ನೂ ಆ ರಾತ್ರಿ ಆ ಏರಿಯ ಮೇಲೆ ನಿಲ್ಲಿಸುವ ಕೆಲಸ ಜಿಲ್ಲಾಧಿಕಾರಿಯದು. ಜಿಲ್ಲಾಧಿಕಾರಿ ಎಂದರೆ ಜಿಲ್ಲೆಯ ಎಲ್ಲ ಇಲಾಖೆಗಳ ಯಜಮಾನ ಎಂದು ನಮ್ಮಲ್ಲಿ ಬಹುತೇಕರು ತಿಳಿದಿದ್ದೇವೆ. ಬೇಸಗೆಯಲ್ಲಿ ಈ ಕಾಲುವೆಗುಂಟ ಓಡಾಡಿದರೆ ಆ ಕುರ್ಚಿಯ ನಿಜವಾದ ಬಲ ಯಾವುದು, ಅದರ ಎಲ್ಲೆ ಎಲ್ಲಿ ಎಂಬುದು ಕಣ್ಣಿಗೆ ಕಾಣುತ್ತದೆ.

ಕಾಲುವೆಯ ವಿಷಯ ಸ್ವಲ್ಪ ಹೇಳಬೇಕು. ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಹತ್ತಿರ ಅಣೆಕಟ್ಟೆಯಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದವಿದೆ. ಹಳೆಯ ಲೆಕ್ಕದಲ್ಲಿ 141 ಮೈಲಿ. ಈ ಸೀಮೆಯಲ್ಲಿ ಇಂದಿಗೂ ಕಾಲುವೆಯನ್ನು ಮೈಲಿಯಲ್ಲೇ ಗುರುತಿಸುತ್ತಾರೆ. 'ನಲವತ್ತೇಳನೇ ಮೈಲ್', 'ಅರವತ್ತೊಂಬತ್ತನೇ ಮೈಲ್', 'ನೂರಾನಾಲ್ಕನೇ ಮೈಲ್' ಎಂಬವು ಊರ ಹೆಸರಿನಷ್ಟೇ ಪರಿಚಿತ. ಮೇಲ್ಭಾಗದಲ್ಲಿ ಗಂಗಾವತಿ, ಕಾರಟಗಿಗಳ ಭತ್ತದ ಗದ್ದೆಗಳು. ನಡುವೆ ಸಿಂಧನೂರು. ಕೆಳಗೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳು. ರಾಯಚೂರು ನಗರಕ್ಕೆ ನೀರು ಕೂಡಿಡುವ ಗಣೇಕಲ್ ಸಮತೋಲನ ಜಲಾಶಯಕ್ಕೂ ಇದೇ ಕಾಲುವೆಯ ನೀರು ಹೋಗಬೇಕು. ಕಾಲುವೆಗುಂಟ ಇರುವ ಪಟ್ಟಣಗಳೂ ಬಹುಗ್ರಾಮ ಯೋಜನೆಗಳೂ ತಮ್ಮ ತಮ್ಮ ಕೆರೆ ತುಂಬಿಸಿಕೊಂಡು, ಮಳೆಗಾಲದವರೆಗೆ ಆ ನೀರಿನಲ್ಲೇ ದಿನ ದೂಡಬೇಕು.

ಬೇಸಗೆ ಬೆಳೆಗೆ ನೀರು ಬಿಡುವುದು ನಿಂತ ಮೇಲೆ, ಜಲಾಶಯದಲ್ಲಿ ಕುಡಿಯುವುದಕ್ಕೆಂದು ಉಳಿಸಿಕೊಂಡ ನೀರನ್ನು ಕೆಲವು ದಿನ ಮಾತ್ರ ಬಿಡುತ್ತಾರೆ. ಸಮಸ್ಯೆ ಹುಟ್ಟುವುದು ಅಲ್ಲಿಂದ. ಕೆರೆಗೆಂದು ಹೊರಟ ನೀರು ಕಾಳು ಕಟ್ಟುತ್ತಿರುವ ಭತ್ತದ ಪಕ್ಕದಲ್ಲೇ ಹಾದು ಹೋಗಬೇಕು.

ಇದರ ಲೆಕ್ಕ ತಿಳಿದರೆ ಮುಂದಿನದು ಸುಲಭ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಇಡೀ ದಿನ ಹರಿದರೆ ಇಪ್ಪತ್ನಾಲ್ಕೂವರೆ ಲಕ್ಷ ಲೀಟರ್. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಸರಕಾರ ಇಟ್ಟುಕೊಂಡಿರುವ ಅಳತೆಯಲ್ಲಿ ಒಂದು ಕ್ಯೂಸೆಕ್ ನೀರು ನಲವತ್ನಾಲ್ಕು ಸಾವಿರ ಜನಕ್ಕೆ ಸಾಕು. ಕಾಲುವೆಯಿಂದ ಮೂವತ್ತು ಅಡಿ ಮೇಲಿನ ಹೊಲಕ್ಕೆ ನೀರೆತ್ತುವ ಹತ್ತು ಎಚ್‌ಪಿ ಪಂಪು ಹೆಚ್ಚೂಕಡಿಮೆ ಅಷ್ಟೇ ನೀರನ್ನು ಎಳೆಯುತ್ತದೆ. ಅಂದರೆ ಒಂದೇ ಒಂದು ಪಂಪು ಹಗಲೂ ರಾತ್ರಿ ಓಡಿದರೆ ಒಂದು ತಾಲ್ಲೂಕು ಕೇಂದ್ರದ ಜನ ಕುಡಿಯಬಹುದಾದ ನೀರು ಒಬ್ಬರ ಗದ್ದೆಗೆ ಹೋಯಿತು. ಅಂಥ ಪಂಪು ನೂರು ಇದ್ದರೆ ನೂರು ಕ್ಯೂಸೆಕ್.

ಹತ್ತು ಲಕ್ಷ ಜನಕ್ಕೆ ಎರಡು ತಿಂಗಳಿಗೆ ಬೇಕಾದದ್ದು ಇದೇ ಅಳತೆಯಲ್ಲಿ ಟಿಎಂಸಿಯ ಎಂಟನೇ ಒಂದು ಭಾಗಕ್ಕೂ ಕಡಿಮೆ. ಪಟ್ಟಣದ ಬಳಕೆ ಹೆಚ್ಚೆಂದು ಇದನ್ನು ಎರಡುಪಟ್ಟು ಮಾಡಿದರೂ ಕಾಲು ಟಿಎಂಸಿ ಆಗುವುದಿಲ್ಲ. ಆದರೆ ಅಷ್ಟನ್ನು ಕೊನೆಗೆ ಮುಟ್ಟಿಸಬೇಕಾದರೆ ಸಾವಿರಾರು ಕ್ಯೂಸೆಕ್ ಲೆಕ್ಕದಲ್ಲಿ ಹಲವು ದಿನ ಬಿಡಬೇಕಾಗುತ್ತದೆ. ಸಾವಿರ ಕ್ಯೂಸೆಕ್ ಹನ್ನೊಂದೂವರೆ ದಿನ ಹರಿದರೆ ಒಂದು ಟಿಎಂಸಿ ಖಾಲಿಯಾಯಿತು. ಉಳಿದದ್ದನ್ನು ಒಣಗಿದ ಕಾಲುವೆಯ ತಳ ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ, ಪಂಪುಗಳು ಕುಡಿಯುತ್ತವೆ. ಮೊದಲೆರಡನ್ನು ಯಾರೂ ತಡೆಯಲಾರರು. ಜಿಲ್ಲಾಡಳಿತದ ಕೈಗೆ ಸಿಗುವುದು ಮೂರನೆಯದು ಮಾತ್ರ.

ಈಗ ಜಿಲ್ಲಾಧಿಕಾರಿಯ ಸಭಾಂಗಣಕ್ಕೆ ಬರೋಣ. ನೀರು ಬಿಡುವ ಮುನ್ನ ಅಲ್ಲೊಂದು ಸಭೆ ನಡೆಯುತ್ತದೆ. ಮೇಜಿನ ಸುತ್ತ ಕುಳಿತವರನ್ನು ಒಬ್ಬೊಬ್ಬರಾಗಿ ನೋಡಿದರೆ ಜಿಲ್ಲಾಧಿಕಾರಿಯ ಸ್ಥಿತಿ ಅರ್ಥವಾಗುತ್ತದೆ. ಕಾಲುವೆಯನ್ನು ನೋಡಿಕೊಳ್ಳುವ ಎಂಜಿನಿಯರು ನೀರಾವರಿ ನಿಗಮದವರು. ಅವರು ಉತ್ತರ ಹೇಳಬೇಕಾದ್ದು ಮುಖ್ಯ ಎಂಜಿನಿಯರಿಗೆ, ಅಲ್ಲಿಂದ ಜಲಸಂಪನ್ಮೂಲ ಇಲಾಖೆಗೆ. ಜೆಸ್ಕಾಂ ಒಂದು ಕಂಪನಿ, ಅದರ ವ್ಯವಸ್ಥಾಪಕ ನಿರ್ದೇಶಕರು ಕಲಬುರಗಿಯಲ್ಲಿದ್ದಾರೆ. ಎಸ್‌ಪಿ ಪೊಲೀಸ್ ಇಲಾಖೆಯ ತಮ್ಮದೇ ಸಾಲಿನಲ್ಲಿ ನಡೆಯುವವರು. ಹಳ್ಳಿಗಳಿಗೆ ನೀರು ಕೊಡುವ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಜೊತೆ ಕೆಲಸ ಮಾಡುವವರು. ಪಟ್ಟಣಗಳ ನೀರು ಸ್ಥಳೀಯ ಸಂಸ್ಥೆಗಳದ್ದು. ಜಿಲ್ಲಾಧಿಕಾರಿಗೆ ನೇರವಾಗಿ ಅಧೀನರೆಂದರೆ ಸಹಾಯಕ ಆಯುಕ್ತರು, ತಹಶೀಲ್ದಾರರು, ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತಾಧಿಕಾರಿಗಳು. ಅವರ ಕೈಯಲ್ಲಿ ಕಾಲುವೆಯ ಗೇಟಿನ ಕೀಲಿಯೂ ಇಲ್ಲ, ಟಿಸಿಯ ಸ್ವಿಚ್ಚೂ ಇಲ್ಲ.

ಹೀಗೇಕೆ ಎಂದರೆ ಈ ಹುದ್ದೆ ಹುಟ್ಟಿದ್ದೇ ಕಂದಾಯ ವಸೂಲಿಗೆ. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಿಲ್ಲೆ. ದಿವಾನ ಸಾಲಾರ್ ಜಂಗರು 1865ರ ಹೊತ್ತಿಗೆ ಜಿಲ್ಲಾಬಂದಿ ಮಾಡಿದಾಗ ಜಿಲ್ಲೆಯ ಮುಖ್ಯಸ್ಥರನ್ನು ಅವ್ವಲ್ ತಾಲ್ಲೂಕದಾರ ಎಂದು ಕರೆದರು. ಮೈಸೂರು ಸೀಮೆಯಲ್ಲಿ ಬ್ರಿಟಿಷ್ ಕಮಿಷನರ ಕೈಕೆಳಗಿನವರಾದ್ದರಿಂದ ಡೆಪ್ಯುಟಿ ಕಮಿಷನರ್ ಎಂದಾಯಿತು. ಇವತ್ತು ನಾವು ಡಿ.ಸಿ. ಎನ್ನುವುದು ಆ ಹೆಸರನ್ನೇ. ಕಂದಾಯ, ಮ್ಯಾಜಿಸ್ಟ್ರೇಟ್ ಕೆಲಸ ಎರಡೇ ಇದ್ದ ಕಾಲದಲ್ಲಿ ಅವರು ನಿಜಕ್ಕೂ ಎಲ್ಲದರ ಯಜಮಾನರಾಗಿದ್ದರು. ಶಾಲೆ, ಆಸ್ಪತ್ರೆ, ಕೃಷಿ, ಕುಡಿಯುವ ನೀರು ಎಂದು ಇಲಾಖೆಗಳು ಬೆಳೆದಂತೆ ಒಂದೊಂದೂ ತನ್ನದೇ ಸಾಲನ್ನು ರಾಜಧಾನಿಯವರೆಗೆ ಎಳೆದುಕೊಂಡಿತು. ನಮ್ಮ ರಾಜ್ಯದಲ್ಲಿ 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳು ಬಂದಾಗಲಂತೂ ಅಭಿವೃದ್ಧಿ ಇಲಾಖೆಗಳನ್ನು ಅವಕ್ಕೇ ಕೊಟ್ಟು, ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ಕೂರಿಸಿದರು. ಅಬ್ದುಲ್ ನಜೀರ್ ಸಾಬ್ ಅವರ ಆ ಪ್ರಯೋಗ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಹಳ್ಳಿಯ ಶಾಲೆ, ಬೋರ್‌ವೆಲ್ಲುಗಳನ್ನು ಚುನಾಯಿತರೇ ನೋಡಬೇಕು. ಆದರೆ ಜನ ಮಾತ್ರ ಖಾಲಿ ಕೊಡ ಹಿಡಿದು ಬಂದು ಕೂರುವುದು ಇಂದಿಗೂ ಡಿ.ಸಿ. ಕಚೇರಿಯ ಮುಂದೆಯೇ.

ಹಾಗಾದರೆ ಕೀಲಿ ಇಲ್ಲದವರು ಗೇಟು ಮುಚ್ಚಿಸುವುದು ಹೇಗೆ? ಕೆಳಗಿನ ಜಿಲ್ಲೆಗೆ ನೀರು ಬಿಡುವ ಒಂದು ಸುತ್ತನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲ ಕೆಲಸ ಕೆರೆಗಳ ಪಟ್ಟಿ. ಯಾವ ಕೆರೆಯಲ್ಲಿ ಎಷ್ಟು ಅಡಿ ನೀರಿದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ಪ್ರತಿ ಪಟ್ಟಣದಿಂದಲೂ ಪ್ರತಿ ಬಹುಗ್ರಾಮ ಯೋಜನೆಯಿಂದಲೂ ಬರೆಸಿಕೊಳ್ಳುತ್ತಾರೆ. ಇಲ್ಲೇ ಮೊದಲ ಮೋಸ. ಎಲ್ಲರೂ ತಮ್ಮ ಕೆರೆ ಬರಿದಾಗಿದೆ ಎನ್ನುತ್ತಾರೆ, ಏಕೆಂದರೆ ಇದೆ ಎಂದರೆ ಸರದಿ ಹಿಂದೆ ಹೋಗುತ್ತದೆ. ಅದಕ್ಕೇ ಎಂಜಿನಿಯರು ಕೊಟ್ಟ ಅಂಕಿಯನ್ನು ತಹಶೀಲ್ದಾರರು ಸ್ಥಳಕ್ಕೆ ಹೋಗಿ ನೋಡಿ ಬರಬೇಕು. ಕೆರೆಯ ನೀರು ತನ್ನದಲ್ಲದ ಇಲಾಖೆಯೊಂದು ಹೋಗಿ ಅಳೆದದ್ದೇ ನಂಬಲು ಯೋಗ್ಯವಾದ ಅಳತೆ. ಹೀಗೆ ಇಬ್ಬರ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಬಲ್ಲ ಜಾಗ ಜಿಲ್ಲೆಯಲ್ಲಿ ಒಂದೇ.

ಆ ಪಟ್ಟಿಯ ಮೇಲೆ ಬೇಡಿಕೆ ಪತ್ರ ಹೋಗುತ್ತದೆ. ಕೊಪ್ಪಳ, ರಾಯಚೂರು ಎರಡೂ ಕಲಬುರಗಿ ವಿಭಾಗದವು, ಎರಡರ ಮೇಲೂ ಇರುವವರು ಪ್ರಾದೇಶಿಕ ಆಯುಕ್ತರು. ಇದು ಮುಖ್ಯ, ಏಕೆಂದರೆ ಕಾಲುವೆಯ ಬುಡ ಒಂದು ಜಿಲ್ಲೆಯಲ್ಲಿದೆ, ತುದಿ ಇನ್ನೊಂದರಲ್ಲಿದೆ. ರಾಯಚೂರು ಜಿಲ್ಲಾಧಿಕಾರಿಯ ಆದೇಶ ಜಿಲ್ಲೆಯ ಗಡಿ ದಾಟುವುದಿಲ್ಲ. ಗಂಗಾವತಿ, ಕಾರಟಗಿಯಲ್ಲಿ ಪಂಪು ನಿಲ್ಲಿಸಬೇಕಾದವರು ಕೊಪ್ಪಳದ ಜಿಲ್ಲಾಧಿಕಾರಿ. ಅವರಿಗೆ ತಮ್ಮ ರೈತರ ಸಿಟ್ಟು ಎದುರಿಗಿರುತ್ತದೆ, ರಾಯಚೂರಿನ ಬಾಯಾರಿಕೆ ದೂರದಲ್ಲಿರುತ್ತದೆ. ಇಬ್ಬರು ಜಿಲ್ಲಾಧಿಕಾರಿಗಳು ಫೋನಿನಲ್ಲಿ ದಿನಕ್ಕೆರಡು ಸಲ ಮಾತಾಡುವ ವರ್ಷ ನೀರು ಬೇಗ ಮುಟ್ಟುತ್ತದೆ. ಪತ್ರದಲ್ಲಿ ಮಾತಾಡುವ ವರ್ಷ ತಡವಾಗುತ್ತದೆ.

ಎರಡನೆಯದು ನಿಷೇಧಾಜ್ಞೆ. ಇಲ್ಲಿ ಜಿಲ್ಲಾಧಿಕಾರಿ ಜಿಲ್ಲಾ ದಂಡಾಧಿಕಾರಿಯಾಗಿ ಮಾತಾಡುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 144 ಎಂದಿದ್ದದ್ದು 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163 ಆಗಿದೆ. ಕಾಲುವೆಯ ಎರಡೂ ಬದಿ ಇಷ್ಟು ದೂರದೊಳಗೆ ಗುಂಪು ಸೇರಬಾರದು, ಪಂಪು ಇಡಬಾರದು, ಗೇಟು ಮುಟ್ಟಬಾರದು ಎಂದು ಆದೇಶವಾಗುತ್ತದೆ. ಇಂಥ ಆದೇಶಕ್ಕೆ ಆಯಸ್ಸು ಎರಡು ತಿಂಗಳು. ಇದರ ಉಪಯೋಗ ಶಿಕ್ಷೆಯಲ್ಲಿಲ್ಲ. ಆದೇಶ ಬಂತೆಂದರೆ ಕಾಲುವೆಯ ಮೇಲೆ ನಿಲ್ಲುವುದು ಪೊಲೀಸರ ಕೆಲಸವೂ ಆಯಿತು. ಅಲ್ಲಿಯವರೆಗೆ ಅದು ನೀರಾವರಿ ಇಲಾಖೆಯ ಜಗಳ. ಒಬ್ಬ ಅಧಿಕಾರಿಯ ಸಹಿ ಒಂದು ಇಲಾಖೆಯ ತೊಂದರೆಯನ್ನು ಇನ್ನೊಂದು ಇಲಾಖೆಯ ಕರ್ತವ್ಯವನ್ನಾಗಿ ಮಾಡುತ್ತದೆ. ಸಮನ್ವಯ ಎಂಬ ಪದ ಕಡತದಲ್ಲಿ ಬಹಳ ಸವೆದಿದೆ. ಅದರ ಅಸಲು ಅರ್ಥ ಇಷ್ಟೇ.

ಮೂರನೆಯದು ವಿದ್ಯುತ್ತು, ಎಲ್ಲಕ್ಕಿಂತ ಕಷ್ಟದ್ದು. ಕಾಲುವೆ ದಂಡೆಯ ಪಂಪ್‌ಸೆಟ್‌ಗಳಿಗೆ ಕರೆಂಟು ನಿಲ್ಲಿಸಿದರೆ ಪಂಪನ್ನು ಒಂದೊಂದಾಗಿ ಎತ್ತಿಸುವ ಕೆಲಸವೇ ಇರುವುದಿಲ್ಲ. ಸಭೆಯಲ್ಲಿ ಇದು ಒಂದೇ ಸಾಲಿನ ತೀರ್ಮಾನ. ಆದರೆ ನೆಲದ ಮೇಲೆ ಫೀಡರು ಕಾಲುವೆ ಹೋದಂತೆ ಹೋಗುವುದಿಲ್ಲ. ಒಂದೇ ಫೀಡರಿನ ಮೇಲೆ ಕಾಲುವೆಯ ಪಂಪುಗಳೂ ಇರುತ್ತವೆ, ಎರಡು ಮೈಲಿ ಆಚೆಯ ಸ್ವಂತ ಬೋರ್‌ವೆಲ್ಲಿನ ರೈತರೂ ಇರುತ್ತಾರೆ. ಊರಿಗೂ ಹೊಲಕ್ಕೂ ಲೈನು ಬೇರೆಯಾಗಿಲ್ಲದ ಕಡೆ ಊರಿನ ಕುಡಿಯುವ ನೀರಿನ ಬೋರ್‌ವೆಲ್ಲೂ ಅದರ ಮೇಲೇ ಇರುತ್ತದೆ. ನಾನು ಹೋದ ಒಂದು ಹಳ್ಳಿಯಲ್ಲಿ ಹೀಗೆಯೇ ಆಗಿತ್ತು. ಕೆಳಗಿನವರಿಗೆ ಕುಡಿಯಲು ನೀರು ಮುಟ್ಟಿಸಲೆಂದು ಕರೆಂಟು ತೆಗೆದರೆ, ಇಲ್ಲಿನ ಓವರ್‌ಹೆಡ್ ಟ್ಯಾಂಕಿಗೆ ಎರಡು ದಿನ ನೀರು ಏರಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಅವರ ಬಾಯಿಗೆ ಹನಿ ಹಾಕಾಕ ನಮ್ಮ ಬಾಯಿ ಒಣಗಿಸಬೇಕೇನಪ್ಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇದಕ್ಕೆ ದಾರಿ ಇದೆ, ಅದು ಸಭೆಯ ಹಿಂದಿನ ದಿನದ ಕೆಲಸ. ಜೆಸ್ಕಾಂನ ಶಾಖಾಧಿಕಾರಿ, ಕಾಲುವೆಯ ಸೆಕ್ಷನ್ ಎಂಜಿನಿಯರು, ಆ ಪಂಚಾಯಿತಿಯ ಪಿಡಿಒ ಮೂವರೂ ಸೇರಿ ಏರಿಯ ಮೇಲೆ ನಡೆದು, ಯಾವ ಟಿಸಿಯ ಮೇಲೆ ಯಾವ ಪಂಪಿದೆ ಎಂದು ಬರೆದುಕೊಳ್ಳಬೇಕು. ಆಗ ಇಡೀ ಫೀಡರು ತೆಗೆಯುವ ಬದಲು ಆಯ್ದ ಟಿಸಿಗಳನ್ನು ಮಾತ್ರ ಕಡಿತ ಮಾಡಬಹುದು. ಕುಡಿಯುವ ನೀರಿನ ಬೋರ್‌ವೆಲ್ಲಿಗೆ ದಿನದಲ್ಲಿ ಮೂರು ಗಂಟೆಯಾದರೂ ಕರೆಂಟು ಉಳಿಸಬಹುದು. ಪಟ್ಟಿ ಮಾಡದೆ ಫೀಡರು ತೆಗೆದ ಕಡೆ ಮೂರನೇ ದಿನ ಶಾಸಕರಿಂದ ಫೋನು ಬರುತ್ತದೆ, ನಾಲ್ಕನೇ ದಿನ ಎಲ್ಲ ಟಿಸಿಗಳಿಗೂ ಕರೆಂಟು ಮರಳುತ್ತದೆ. ಆಮೇಲೆ ಡೀಸೆಲ್ ಪಂಪುಗಳಿವೆ. ಅವನ್ನು ಕಾಲ್ನಡಿಗೆಯಲ್ಲೇ ಹಿಡಿಯಬೇಕು.

ನಾಲ್ಕನೆಯದು ತಂಡಗಳು. ಕಾಲುವೆಯನ್ನು ಮೈಲಿಗಳ ತುಂಡು ಮಾಡಿ, ಒಂದೊಂದು ತುಂಡಿಗೂ ಕಂದಾಯ, ನೀರಾವರಿ, ಜೆಸ್ಕಾಂ, ಪೊಲೀಸ್ ನಾಲ್ಕೂ ಕಡೆಯ ಒಬ್ಬೊಬ್ಬರನ್ನು ಹಾಕುತ್ತಾರೆ. ಹಗಲು ಒಂದು ಪಾಳಿ, ರಾತ್ರಿ ಒಂದು. ನಾಲ್ಕೂ ಇಲಾಖೆಯವರು ಒಟ್ಟಿಗೆ ಇರಬೇಕಾದ ಕಾರಣ ಸರಳವಾದದ್ದು. ಪೊಲೀಸರಿಗೆ ಯಾವ ತೂಬು ಅಧಿಕೃತ, ಯಾವುದು ಕಳ್ಳತನದ್ದು ಎಂದು ಗೊತ್ತಿರುವುದಿಲ್ಲ. ಎಂಜಿನಿಯರಿಗೆ ಗೊತ್ತಿದೆ, ಆದರೆ ಮೂವತ್ತು ಜನ ರೈತರ ಎದುರು ಒಬ್ಬರೇ ನಿಂತು ಪಂಪು ಎತ್ತಿಸಲಾರರು. ಲೈನ್‌ಮನ್‌ಗೆ ವೈರು ತೆಗೆಯಲು ಬರುತ್ತದೆ, ಆದರೆ ನಾಳೆಯೂ ಅದೇ ಊರಿನಲ್ಲಿ ಬಿಲ್ಲು ವಸೂಲಿಗೆ ಹೋಗಬೇಕು. ಕಂದಾಯ ನಿರೀಕ್ಷಕರಿಗೆ ಆ ಹೊಲ ಯಾರದು ಎಂದು ಗೊತ್ತು, ಪಂಚನಾಮೆ ಬರೆಯಬಲ್ಲರು. ಒಬ್ಬರಿಲ್ಲದಿದ್ದರೆ ಉಳಿದ ಮೂವರ ಕೆಲಸ ನಿಲ್ಲುತ್ತದೆ. ಅಕ್ರಮವಾಗಿ ಕಾಲುವೆ ನೀರು ಎತ್ತುವುದಕ್ಕೆ 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿದ್ದ ಶಿಕ್ಷೆಯನ್ನು 2024ರ ತಿದ್ದುಪಡಿ ಹೆಚ್ಚಿಸಿದೆ. ಆದರೂ ರಾತ್ರಿ ಎರಡು ಗಂಟೆಗೆ ಏರಿಯ ಮೇಲೆ ಕೆಲಸಕ್ಕೆ ಬರುವುದು ಕಾಯ್ದೆಗಿಂತ ಈ ನಾಲ್ವರ ಜೊತೆಗಾರಿಕೆಯೇ.

ಇನ್ನು ಗೇಜಿನ ಅಳತೆ. ಮೇಲಿನ ಗೇಜಿನಲ್ಲಿ ಇಷ್ಟು ಬಂತು, ಕೆಳಗಿನದರಲ್ಲಿ ಇಷ್ಟು ಇದೆ, ನಡುವೆ ಇಷ್ಟು ಕಳೆದುಹೋಗಿದೆ ಎಂದು ಲೆಕ್ಕ ಹಾಕುವುದು ಸುಲಭವಾಗಿ ತೋರುತ್ತದೆ. ಹೊಸದಾಗಿ ಬಂದ ಅಧಿಕಾರಿಗಳು ಎಡವುವುದು ಇಲ್ಲೇ. ನೀರು ಗಂಟೆಗೆ ಮೂರು ಕಿಲೋಮೀಟರ್ ಸಾಗುತ್ತದೆ ಎಂದಿಟ್ಟುಕೊಂಡರೆ ನಲವತ್ತೇಳನೇ ಮೈಲಿಯಿಂದ ನೂರಾನಾಲ್ಕನೇ ಮೈಲಿಗೆ, ಅಂದರೆ ತೊಂಬತ್ತೆರಡು ಕಿಲೋಮೀಟರಿಗೆ, ಮೂವತ್ತು ಗಂಟೆ ಬೇಕು. ಅಣೆಕಟ್ಟೆಯಿಂದಲೇ ಲೆಕ್ಕ ಹಾಕಿದರೆ ಎರಡು ದಿನ ಮೀರುತ್ತದೆ. ಹೀಗಾಗಿ ಇವತ್ತು ಬೆಳಿಗ್ಗೆ ಆರರ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ. ಕೆಳಗಿನ ಇವತ್ತಿನ ಅಳತೆಯನ್ನು ಮೇಲಿನ ಮೂವತ್ತು ಗಂಟೆ ಹಿಂದಿನ ಅಳತೆಯ ಜೊತೆ ಹೋಲಿಸಬೇಕು. ನಿನ್ನೆ ಯಾರೋ ಎತ್ತಿದ ನೀರಿಗೆ ಇವತ್ತಿನ ಕಾವಲುಗಾರನನ್ನು ಬೈದ ಸಂದರ್ಭಗಳಿವೆ. ಅದೇ ಕಾರಣಕ್ಕೆ ಎರಡು ಗೇಜಿನ ನಡುವೆ ಅಂತರ ಕಡಿಮೆಯಿದ್ದಷ್ಟೂ ಒಳ್ಳೆಯದು. ನನ್ನೆದುರು ಗೇಜು ಅರ್ಧ ಅಡಿ ಇಳಿದ ರಾತ್ರಿ ಆ ಗ್ಯಾಂಗ್‌ಮನ್ ಹೇಳಿದ್ದೂ ಅದನ್ನೇ: "ಇದು ಈಗಿಂದಲ್ರಿ. ಮುಂಜಾನಿ ಎತ್ಯಾರ, ನಮಗ ಈಗ ಗೊತ್ತಾಗಾಕತ್ತೈತಿ."

ಮೇಲ್ಭಾಗದ ರೈತರ ಮಾತನ್ನೂ ಹೇಳದೆ ಮುಂದೆ ಹೋಗಲಾರೆ. ಅವರನ್ನು ನೀರುಗಳ್ಳರು ಎಂದು ಬರೆಯುವುದು ನನಗೆ ಇಷ್ಟವಿಲ್ಲ. ನಾಟಿಗೆ, ಗೊಬ್ಬರಕ್ಕೆ ಸಾಲ ಮಾಡಿ, ಇನ್ನೊಂದೇ ನೀರು ಸಿಕ್ಕರೆ ಕಾಳು ಗಟ್ಟಿಯಾಗುತ್ತದೆ ಎನ್ನುವ ಹೊತ್ತಿಗೆ ಕಣ್ಣೆದುರಿಗೇ ನೀರು ಹರಿದು ಹೋಗುವುದನ್ನು ನೋಡುತ್ತ ಕೂರುವುದು ಯಾರಿಗೂ ಸುಲಭವಲ್ಲ. ಏಪ್ರಿಲ್‌ನ ಈ ಜಗಳದ ಬೀಜ ಬೀಳುವುದು ಚಳಿಗಾಲದಲ್ಲಿ. ಬೇಸಗೆ ಬೆಳೆಗೆ ಎಷ್ಟು ದಿನ ನೀರು ಎಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆ ದಿನಾಂಕ ಹಳ್ಳಿಗೆ ತಲುಪುವುದು ತಡವಾದರೆ ನಾಟಿಯೂ ತಡ, ನಾಟಿ ತಡವಾದ ಪೈರು ಏಪ್ರಿಲ್‌ನಲ್ಲಿ ಇನ್ನೂ ಹಸಿರಾಗಿಯೇ ನಿಂತಿರುತ್ತದೆ. ಕೃಷಿ ಇಲಾಖೆಯವರು ಡಿಸೆಂಬರಿನಲ್ಲೇ ಊರೂರಿಗೆ ಹೋಗಿ 'ಇಂಥ ತಾರೀಕಿನ ಮೇಲೆ ನಾಟಿ ಮಾಡಿದರೆ ಕೊನೆಯ ನೀರು ಸಿಗುವುದಿಲ್ಲ' ಎಂದು ಹೇಳಿದ ಕಡೆ ಏಪ್ರಿಲ್‌ನಲ್ಲಿ ಪೊಲೀಸರ ಅಗತ್ಯ ಕಡಿಮೆ. ಆದ್ದರಿಂದ ಕುಡಿಯುವ ನೀರಿನ ಸಭೆಗೆ ಕೃಷಿ ಇಲಾಖೆಯ ಜಂಟಿ ನಿರ್ದೇಶಕರನ್ನು ನಾಲ್ಕು ತಿಂಗಳ ಮೊದಲೇ ಕರೆಸುವ ಜಿಲ್ಲಾಧಿಕಾರಿ ಕೆಲಸ ಬಲ್ಲವರು.

ಸಭೆ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು. ಸಭೆ ಫಲ ಕೊಡುತ್ತದೆಯೋ ಇಲ್ಲವೋ ಎಂದು ತಿಳಿಯಲು ನಡಾವಳಿಯನ್ನು ಓದಿದರೆ ಸಾಕು. 'ಸಂಬಂಧಪಟ್ಟ ಇಲಾಖೆಯವರು ಅಗತ್ಯ ಕ್ರಮ ಕೈಗೊಳ್ಳುವುದು' ಎಂದು ಬರೆದಿದ್ದರೆ ಏನೂ ಆಗುವುದಿಲ್ಲ ಎಂದು ತಿಳಿಯಿರಿ. ಮುಂದಿನ ಸಭೆಗೆ ಅದರ ಉತ್ತರವೂ ಸಿದ್ಧವಾಗಿ ಬರುತ್ತದೆ, 'ಕ್ರಮ ವಹಿಸಲಾಗಿದೆ' ಎಂದು. ಅದೇ ಜಾಗದಲ್ಲಿ ಇಂಥ ಮೈಲಿಯಿಂದ ಇಂಥ ಮೈಲಿಯವರೆಗೆ, ಇಂಥ ಹುದ್ದೆಯವರು, ಇಂಥ ದಿನ ಸಂಜೆ ಆರರೊಳಗೆ, ಇಷ್ಟು ಟಿಸಿ ಕಡಿತ ಮಾಡಿ ವರದಿ ಕೊಡುವುದು ಎಂದಿದ್ದರೆ ಅಲ್ಲಿ ಯಾರೋ ಲೆಕ್ಕ ಕೇಳುತ್ತಿದ್ದಾರೆ ಎಂದರ್ಥ. ಇನ್ನೊಂದು ಗುರುತು ಹಾಜರಿ. ತೀರ್ಮಾನ ಮಾಡಬಲ್ಲ ಅಧಿಕಾರಿ ತಾವು ಬರದೆ ಸಹಾಯಕರನ್ನು ಕಳಿಸಿದರೆ ಅವರು ಎಲ್ಲದಕ್ಕೂ 'ಸಾಹೇಬರಿಗೆ ತಿಳಿಸುತ್ತೇನೆ ಸರ್' ಎನ್ನುತ್ತಾರೆ. ಆ ಒಂದು ಕುರ್ಚಿಯಿಂದಾಗಿ ಉಳಿದ ಮೂರು ಇಲಾಖೆಗಳ ಒಂದು ದಿನ ಹಾಳು. ಬೇರೆ ಇಲಾಖೆಯ ಅಧಿಕಾರಿ ಮಾತು ಕೇಳದಿದ್ದರೆ ಜಿಲ್ಲಾಧಿಕಾರಿ ನೋಟಿಸು ಕೊಡಬಹುದು, ಅವರ ಇಲಾಖೆಗೆ ಬರೆಯಬಹುದು. ಅಲ್ಲಿಂದ ಉತ್ತರ ಬರುವ ಹೊತ್ತಿಗೆ ಕಾಲುವೆ ಒಣಗಿರುತ್ತದೆ. ಹಾಗಾಗಿ ಅನುಭವಿಗಳು ಪತ್ರಕ್ಕಿಂತ ಹೆಚ್ಚಾಗಿ ತಾವೇ ಹೋಗಿ ನಿಲ್ಲುವುದನ್ನು ನಂಬುತ್ತಾರೆ. ಡಿ.ಸಿ. ಸಾಹೇಬರು ರಾತ್ರಿ ಕಾಲುವೆಗೆ ಬಂದಿದ್ದಾರೆ ಎಂದರೆ ಎಲ್ಲ ಇಲಾಖೆಯ ಜೀಪುಗಳೂ ಅರ್ಧ ಗಂಟೆಯಲ್ಲಿ ಅಲ್ಲಿರುತ್ತವೆ.

ಆದೇಶ ಕೊಡುವ ನಿಜವಾದ ಅಧಿಕಾರವೂ ಒಂದಿದೆ, ಅದು ವಿಪತ್ತಿಗೆ ಮೀಸಲು. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ರಚಿಸಿ, ಜಿಲ್ಲಾಧಿಕಾರಿಯನ್ನು ಅದರ ಅಧ್ಯಕ್ಷರನ್ನಾಗಿ ಮಾಡಿತು. ಎಸ್‌ಪಿ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಅದರ ಸದಸ್ಯರು. ಜಿಲ್ಲಾ ಪಂಚಾಯಿತಿ ಅಧ್ಯಕ್ಷರಂಥ ಚುನಾಯಿತ ಪ್ರತಿನಿಧಿ ಸಹ ಅಧ್ಯಕ್ಷರು. ಈ ಕಾಯ್ದೆಯಡಿ ಜಿಲ್ಲೆಯ ಯಾವುದೇ ಇಲಾಖೆಗೂ 'ಇದನ್ನು ಮಾಡಿ' ಎಂದು ಹೇಳಬಹುದು, ವಾಹನವನ್ನೋ ಕಟ್ಟಡವನ್ನೋ ವಶಕ್ಕೆ ಪಡೆಯಬಹುದು. ಕಾರಣವಿಲ್ಲದೆ ನಿರಾಕರಿಸಿದರೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆಯೂ ಇದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದಾಗ, ಜಿಲ್ಲೆಗಳಲ್ಲಿ ಖಾಸಗಿ ಬೋರ್‌ವೆಲ್ಲುಗಳನ್ನು ಬಾಡಿಗೆಗೆ ಪಡೆದು ಊರಿಗೆ ನೀರು ಕೊಟ್ಟರು. ಜಿಲ್ಲಾಧಿಕಾರಿಯ ಪಿ.ಡಿ. ಖಾತೆಯಲ್ಲಿ ಇರುವ ವಿಪತ್ತಿನ ಹಣ ಅಂಥ ವೇಳೆಗೇ. ಆದರೆ ಕಾಯ್ದೆಯ ಬಲದಿಂದ ಬೋರ್‌ವೆಲ್ಲು ಸಿಕ್ಕರೂ ಬಾಡಿಗೆ ತಿಂಗಳುಗಟ್ಟಲೆ ತಡವಾದರೆ, ಮುಂದಿನ ಬರಕ್ಕೆ ಆ ರೈತ ಮೋಟರು ಕೆಟ್ಟಿದೆ ಎನ್ನುತ್ತಾನೆ. ಒಮ್ಮೆ ಬಳಸಿದ ಅಧಿಕಾರ ಎರಡನೇ ಸಲಕ್ಕೂ ಉಳಿಯಬೇಕಾದರೆ ಬಿಲ್ಲು ಹೊತ್ತಿಗೆ ಸರಿಯಾಗಿ ಪಾಸಾಗಬೇಕು.

ಕಾಲುವೆಯ ನೀರು ಕೆರೆಗೆ ಬಿದ್ದ ಮೇಲೂ ಕೆಲಸ ಮುಗಿಯುವುದಿಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ನೀರಿನ ಕೊರತೆ ಎಲ್ಲರ ಕಣ್ಣಿಗೂ ಕಾಣುತ್ತದೆ. ನೀರು ಕೆಟ್ಟಿರುವುದು ಮೊದಲು ಕಾಣುವುದು ಆಸ್ಪತ್ರೆಯ ಹೊರರೋಗಿ ಪುಸ್ತಕದಲ್ಲಿ. ಒಂದು ಬಡಾವಣೆಯಿಂದ ವಾಂತಿ-ಭೇದಿಯ ರೋಗಿಗಳು ಎಂದಿಗಿಂತ ಹೆಚ್ಚು ಬಂದರೆ ಅದು ಆರೋಗ್ಯ ಇಲಾಖೆಯ ಲೆಕ್ಕದಲ್ಲಿರುತ್ತದೆ. ಶುದ್ಧೀಕರಣ ಘಟಕದ ಮರಳಿನ ಸೋಸುಹಾಸು ಯಾವಾಗ ಬದಲಾಯಿತು, ನಲ್ಲಿಯ ಕೊನೆಯಲ್ಲಿ ಕ್ಲೋರಿನ್ ಉಳಿದಿದೆಯೇ ಎನ್ನುವುದು ನಗರಾಡಳಿತದ ಲೆಕ್ಕದಲ್ಲಿ. ಎರಡು ಪುಸ್ತಕಗಳು ತಾವಾಗಿಯೇ ಭೇಟಿಯಾಗುವುದಿಲ್ಲ. ಬೇಸಗೆಯ ಮೂರು ತಿಂಗಳು ವಾರಕ್ಕೊಮ್ಮೆ ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ, ಬಡಾವಣೆವಾರು ತರಿಸಿಕೊಳ್ಳುವುದು ಜಿಲ್ಲಾಧಿಕಾರಿಗೆ ಹತ್ತು ನಿಮಿಷದ ಕೆಲಸ. ಅದನ್ನು ಬೇರೆ ಯಾರೂ ಮಾಡಲಾರರು, ಏಕೆಂದರೆ ಎರಡೂ ಇಲಾಖೆಗಳನ್ನು ಕೇಳುವ ಹಕ್ಕು ಜಿಲ್ಲೆಯಲ್ಲಿ ಬೇರೆ ಯಾರಿಗೂ ಇಲ್ಲ.

ಆ ರಾತ್ರಿಗೆ ಮರಳುತ್ತೇನೆ. ಗ್ಯಾಂಗ್‌ಮನ್ ಫೋನಿಟ್ಟ ಮೇಲೆ ನಾವು ಏರಿಯ ಮೇಲೆ ಕಾದೆವು. ಒಂದು ಗಂಟೆಯ ಹೊತ್ತಿಗೆ ಮೇಲಿನ ತಂಡದಿಂದ ಸುದ್ದಿ ಬಂತು: ಒಂದು ಉಪಕಾಲುವೆಯ ಗೇಟಿಗೆ ಕಲ್ಲು ಕೊಟ್ಟು ಎತ್ತಿದ್ದರಂತೆ, ಇಳಿಸಿ ಬೀಗ ಹಾಕಿದ್ದಾರೆ, ಎಂಟು ಪಂಪುಗಳ ವೈರು ತೆಗೆದಿದ್ದಾರೆ. ಗ್ಯಾಂಗ್‌ಮನ್ ಬೆರಳೆಣಿಸಿ, "ನಾಳಿ ಮಧ್ಯಾನ್ಹಕ್ಕ ಏರತೈತ್ರಿ" ಎಂದರು. ಅವರು ಗುತ್ತಿಗೆಯ ಆಳು. ಎರಡು ತಿಂಗಳ ಪಗಾರ ಇನ್ನೂ ಬಂದಿಲ್ಲ ಎಂದು ಅದಕ್ಕೂ ಮೊದಲೇ ಹೇಳಿದ್ದರು. ಮರುದಿನದ ಸಭೆಯಲ್ಲಿ ಎಲ್ಲ ಇಲಾಖೆಗಳೂ ಇದ್ದವು, ಗೇಜಿನ ಅಂಕಿಗಳೂ ಇದ್ದವು. ಆ ಅಂಕಿ ಬರೆದು ಕಳಿಸುವವರ ಪಗಾರದ ವಿಷಯ ಕಾರ್ಯಸೂಚಿಯಲ್ಲಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವರ ಸಂದೇಶ ಬಂತು: ನಾಲ್ಕು ಅಡಿ ಒಂದು ಇಂಚು.